ಖಾತೆ ಬದಲಾವಣೆಯ ಪತ್ರ: ಹಣ ಕಳುಹಿಸುವ ಮುನ್ನ ಒಂದು ದೂರವಾಣಿ ಕರೆ

ಬೆಂಗಳೂರು: ‘ನಮ್ಮ ಸಂಸ್ಥೆಯ ಬ್ಯಾಂಕ್ ಖಾತೆ ಬದಲಾಗಿದೆ. ಇನ್ನು ಮುಂದೆ ಬಿಲ್ ಮೊತ್ತವನ್ನು ಹೊಸ ಖಾತೆಗೆ ಜಮಾ ಮಾಡಬೇಕಾಗಿ ವಿನಂತಿ.’ ಇಂತಹ ಪತ್ರಗಳೆಲ್ಲವೂ ವಂಚನೆಯಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡಿತು. 2021ರ ಜುಲೈ 1ರಿಂದ SYNB ಎಂದು ಆರಂಭವಾಗುವ ಐಎಫ್‌ಎಸ್‌ಸಿ ಸಂಕೇತಗಳು ರದ್ದಾದವು. ಅಲ್ಲಿ ಖಾತೆ ಹೊಂದಿದ್ದ ಉದ್ಯಮಗಳು ತಮ್ಮ ಗ್ರಾಹಕರಿಗೆ ಹೊಸ ವಿವರ ತಿಳಿಸುವುದು ಅನಿವಾರ್ಯವಾಗಿತ್ತು. ವಂಚಕರಿಗೆ ಅನುಕೂಲವಾಗಿರುವುದೂ ಇದೇ: ಸುಳ್ಳು ಪತ್ರವು ನಿಜವಾದ ಪತ್ರದಂತೆಯೇ ಇರುತ್ತದೆ.

2015ರಲ್ಲಿ ಸಾರ್ವಜನಿಕ ವಲಯದ ತೈಲ ಸಂಸ್ಥೆ ಒಎನ್‌ಜಿಸಿ ಇದೇ ಬಲೆಗೆ ಸಿಲುಕಿ ಸುಮಾರು 197 ಕೋಟಿ ರೂಪಾಯಿ ನಷ್ಟದ ದೂರು ನೀಡಿತ್ತು. ನಾಫ್ತಾ ಖರೀದಿಸಿದ್ದ ಸೌದಿ ಅರೇಬಿಯದ ಗ್ರಾಹಕ ಸಂಸ್ಥೆಗೆ, ಒಎನ್‌ಜಿಸಿ ವಿಳಾಸವನ್ನೇ ಹೋಲುವ ಇ-ಮೇಲ್‌ನಿಂದ ಬೇರೆ ಖಾತೆಯ ವಿವರ ಹೋಗಿತ್ತು. ವಿಳಾಸದಲ್ಲಿ ಬದಲಾಗಿದ್ದುದು ಅಕ್ಷರಗಳ ಸ್ಥಾನ ಮಾತ್ರ. ಗ್ರಾಹಕರು ಹಣ ಕಳುಹಿಸಿದರು. ಸರಕು ಕೊಟ್ಟವರಿಗೆ ಅದು ತಲುಪಲಿಲ್ಲ.

ಪತ್ರದಲ್ಲಿ ಸಂಸ್ಥೆಯ ಹೆಸರು ಸರಿಯಾಗಿದ್ದರೆ ಹಣ ತಪ್ಪು ಕೈ ಸೇರದು ಎಂಬ ನಂಬಿಕೆ ಹಲವರಲ್ಲಿದೆ. ವಾಸ್ತವ ಬೇರೆ. ರಿಸರ್ವ್ ಬ್ಯಾಂಕಿನ 2010ರ ಸೂಚನೆಯಂತೆ ನೆಫ್ಟ್, ಆರ್‌ಟಿಜಿಎಸ್ ಹಣವನ್ನು ಖಾತೆ ಸಂಖ್ಯೆಯೊಂದರ ಆಧಾರದ ಮೇಲೆಯೇ ಜಮಾ ಮಾಡಬಹುದು, ಹೆಸರು ಹೊಂದಿಕೆಯಾಗಬೇಕೆಂದಿಲ್ಲ. ಈ ಕೊರತೆ ನೀಗಲೆಂದು, ಖಾತೆದಾರರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಆದೇಶಿಸಿತು. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ನಮೂದಿಸಿದರೆ ಹೆಸರು ಕಾಣುತ್ತದೆ, ಇದಕ್ಕೆ ಶುಲ್ಕವಿಲ್ಲ. ಆದರೆ ವಂಚಕರು ಸಂಸ್ಥೆಯನ್ನು ಹೋಲುವ ಹೆಸರಿನಲ್ಲೇ ಖಾತೆ ತೆರೆದಿದ್ದರೆ ಈ ಪರೀಕ್ಷೆಯೂ ಸಾಲದು.

ಆದ್ದರಿಂದ ದೂರವಾಣಿ ಕರೆಯೇ ಮುಖ್ಯ. ಪತ್ರದಲ್ಲಿ ಮುದ್ರಿಸಿದ ಸಂಖ್ಯೆಗೆ ಕರೆ ಮಾಡಿದರೆ ವಂಚಕನೇ ಉತ್ತರಿಸುವ ಸಂಭವವಿದೆ. ಹಳೆಯ ಒಪ್ಪಂದ ಅಥವಾ ಹಿಂದಿನ ಬಿಲ್‌ನಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಪರಿಚಿತ ಲೆಕ್ಕಪತ್ರ ಸಿಬ್ಬಂದಿಯಿಂದ ಹೊಸ ಖಾತೆ ಸಂಖ್ಯೆಯನ್ನು ಓದಿಸಿಕೊಳ್ಳಬೇಕು. ಬಳಿಕ ಒಂದು ರೂಪಾಯಿ ಕಳುಹಿಸಿ, ಅದು ಜಮಾ ಆದುದನ್ನು ಅದೇ ಸಂಖ್ಯೆಯಲ್ಲಿ ಕೇಳಿ ದೃಢಪಡಿಸಿಕೊಂಡ ನಂತರವೇ ಉಳಿದ ಮೊತ್ತ ಪಾವತಿಸುವುದು ಸುರಕ್ಷಿತ.

ಖಾತೆ ಬದಲಿಸುವ ಸಂಸ್ಥೆಗಳ ಹೊಣೆಯೂ ಕಡಿಮೆಯಲ್ಲ. ‘ಹಳೆಯ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡ ಮೇಲಷ್ಟೇ ಪಾವತಿಸಿ’ ಎಂದು ಪತ್ರದಲ್ಲೇ ಬರೆಯಬೇಕು. ಕೆಲವು ತಿಂಗಳು ಹಳೆಯ ಖಾತೆಯನ್ನು ಮುಚ್ಚದೆ ಇರಿಸಬೇಕು. ಆಗ ಗ್ರಾಹಕರಿಗೆ ಪರಿಶೀಲಿಸಲು ಸಮಯ ಸಿಗುತ್ತದೆ. ಇಂದೇ ಪಾವತಿಸಬೇಕೆಂಬ ಒತ್ತಡವಿದ್ದರೆ ಸಂಶಯಪಡಲು ಅದೇ ಕಾರಣ ಸಾಕು.

ಹಣ ಹೋದುದು ತಿಳಿದ ಕೂಡಲೇ ಬ್ಯಾಂಕಿಗೂ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ತಿಳಿಸಬೇಕು, cybercrime.gov.in ತಾಣದಲ್ಲಿ ದೂರು ದಾಖಲಿಸಬೇಕು. ಹಣವು ಮುಂದಿನ ಖಾತೆಗಳಿಗೆ ಹಂಚಿಹೋಗುವ ಮುನ್ನ ತಡೆಹಿಡಿದರೆ ಮಾತ್ರ ಮರಳಿ ಪಡೆಯುವ ಅವಕಾಶವಿರುತ್ತದೆ.