ವಾರಕ್ಕೊಂದು ಪ್ಯಾಕೆಟ್, ದಿನಕ್ಕೊಂದಲ್ಲ

ಅಪ್ಪ-ಅಮ್ಮನ ಲ್ಯಾಬ್ ರಿಪೋರ್ಟ್‌ನ ಫೋಟೋ ಕಳಿಸಿ, “ಡಾಕ್ಟ್ರೇ, ವಿಟಮಿನ್ ಡಿ ಕಮ್ಮಿ ಇದೆ, ಯಾವ ಮಾತ್ರೆ ಕೊಡ್ಲಿ?” ಅಂತ ಕೇಳುವವರು ಬಹಳ. ಈ ವಾರ ಅಂಥ ಒಬ್ಬರ ವಿಷಯವನ್ನೇ ಪೂರ್ತಿ ಹೇಳ್ತೀನಿ.

ಆಕೆಗೆ 72 ವರ್ಷ. ನೆಲದಿಂದ ಏಳುವಾಗ ಕೈ ಊರಲೇಬೇಕು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿ ಇಲ್ಲ. ಮೊಣಕಾಲ ಕೆಳಗಿನ ಮೂಳೆ ಒತ್ತಿದರೆ ನೋವು. ವಯಸ್ಸಾಯ್ತು ಅಂತ ಮನೆಯವರು ಸುಮ್ಮನಿದ್ದರು. 25-ಹೈಡ್ರಾಕ್ಸಿ ವಿಟಮಿನ್ ಡಿ 9 ನ್ಯಾನೋಗ್ರಾಂ ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ. ಇದರ ಬದಲು 1,25 ಎಂಬ ಪರೀಕ್ಷೆ ಮಾಡಿಸಬೇಡಿ. ಕೊರತೆ ಇದ್ದರೂ ಅದು ನಾರ್ಮಲ್ ತೋರಿಸಬಹುದು.

ಡೋಸ್ ಬರೆಯುವ ಮೊದಲು ಕ್ಯಾಲ್ಸಿಯಂ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್ ನೋಡಿದೆ. ಕ್ಯಾಲ್ಸಿಯಂ ಮೊದಲೇ ಜಾಸ್ತಿ ಇದ್ದವರಿಗೆ ಕಾರಣ ಹುಡುಕದೆ ವಿಟಮಿನ್ ಡಿ ಕೊಟ್ಟರೆ ಅಪಾಯ. ಈಕೆಗೆ ಕ್ಯಾಲ್ಸಿಯಂ, ಕಿಡ್ನಿ ಎರಡೂ ಸರಿ ಇದ್ದವು. ಫಾಸ್ಫಟೇಸ್, ಪಿಟಿಎಚ್ ಏರಿದ್ದವು. ಅಂದರೆ ಕೊರತೆ ಮೂಳೆಯ ತನಕ ಮುಟ್ಟಿತ್ತು.

60,000 ಯೂನಿಟ್‌ನ ಡಿ3 ಪೌಡರ್, ವಾರಕ್ಕೊಂದು, ಎಂಟು ವಾರ. ಊಟ ಆದ ಮೇಲೆ ಹಾಲಿನಲ್ಲಿ, ಯಾಕಂದ್ರೆ ಕೊಬ್ಬಿನ ಜೊತೆ ಅದು ಚೆನ್ನಾಗಿ ಹೀರಿಕೊಳ್ಳುತ್ತೆ. ಆಮೇಲೆ ತಿಂಗಳಿಗೊಂದು, ಲೆಕ್ಕ ಹಾಕಿದರೆ ದಿನಕ್ಕೆ 2,000 ಯೂನಿಟ್.

ಎಡವಟ್ಟು ಆಗುವುದು ಇಲ್ಲೇ. ಬಿಪಿ ಮಾತ್ರೆಯ ಹಾಗೆ ಇದನ್ನೂ ದಿನಾ ತಗೊಂಡುಬಿಟ್ಟರೆ ಡೋಸ್ ಏಳು ಪಟ್ಟು! ವಾರಗಟ್ಟಲೆ ಹೀಗಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಮಂಕು ಶುರುವಾಗುತ್ತೆ, ಕಿಡ್ನಿಗೂ ಪೆಟ್ಟು. ಹಾಗಾಗಿ ಪ್ಯಾಕೆಟ್ ಮೇಲೆ “ಭಾನುವಾರ” ಅಂತ ಬರೆದು ಕೊಡಿ. ಒಂದೇ ಸಲ ದೊಡ್ಡ ಡೋಸ್ ಕೊಟ್ಟು ಮುಗಿಸೋಣ ಅನ್ನುವುದೂ ಬೇಡ. ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಪಡೆದ ವಯಸ್ಸಾದ ಮಹಿಳೆಯರು ಹೆಚ್ಚು ಸಲ ಬಿದ್ದರು, ಮೂಳೆಯೂ ಹೆಚ್ಚು ಮುರಿಯಿತು ಎಂದು 2010ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು.

ಮರುಪರೀಕ್ಷೆ ಯಾವಾಗ? ಶುರು ಮಾಡಿ ಮೂರು ತಿಂಗಳಿಗೆ. ರಕ್ತದಲ್ಲಿ ಮಟ್ಟ ಸ್ಥಿರವಾಗಲು ಅಷ್ಟು ಸಮಯ ಬೇಕು. ಎರಡೇ ವಾರಕ್ಕೆ ನೋಡಿದರೆ ದುಡ್ಡು ದಂಡ. ಜೊತೆಗೆ ಕ್ಯಾಲ್ಸಿಯಂ, ಪಿಟಿಎಚ್ ಕೂಡ ನೋಡಬೇಕು. ಪ್ಯಾರಾಥೈರಾಯ್ಡ್ ಗ್ರಂಥಿಯದೇ ತೊಂದರೆ ಇದ್ದವರಲ್ಲಿ, ಕೊರತೆ ತುಂಬಿದ ಮೇಲೆ ಕ್ಯಾಲ್ಸಿಯಂ ಏರಿ ಆ ಕಾಯಿಲೆ ಬಯಲಾಗುತ್ತೆ.

ಈಕೆಗೆ ವಿಟಮಿನ್ ಡಿ 34 ಆಗಿತ್ತು, ಕ್ಯಾಲ್ಸಿಯಂ ಸರಿ, ಪಿಟಿಎಚ್ ಇಳಿದಿತ್ತು. ಫಾಸ್ಫಟೇಸ್ ಮಾತ್ರ ಇನ್ನೂ ಸ್ವಲ್ಪ ಮೇಲೆ. ಮೂಳೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು, ಗಾಬರಿ ಇಲ್ಲ. ಅಕಸ್ಮಾತ್ ಡಿ ಏರದಿದ್ದರೆ ಡೋಸ್ ಹೆಚ್ಚಿಸುವ ಮೊದಲು ಉಳಿದ ಪ್ಯಾಕೆಟ್ ಎಣಿಸಿ. ಎಲ್ಲವೂ ಖಾಲಿಯಾಗಿದ್ದರೆ, ಕರುಳು ಹೀರಿಕೊಳ್ತಿಲ್ವಾ, ಫಿಟ್ಸ್ ಮಾತ್ರೆ ಏನಾದ್ರೂ ಇದೆಯಾ ಅಂತ ಡಾಕ್ಟರ್ ಹತ್ತಿರ ಕೇಳಿ.