ಯಾರ ಮಧ್ಯರಾತ್ರಿ?

ನಮ್ಮ ಭಾಗದ ಮಧ್ಯಮ ಪ್ರಮಾಣದ ಕಾರ್ಖಾನೆಗಳು ತಮ್ಮ ಲೆಕ್ಕಪತ್ರ ವ್ಯವಸ್ಥೆಯನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವಾಗ ವಿದೇಶದಲ್ಲಿ ನೆಲೆಸಿದ ನಮ್ಮವರ ನೆರವು ಪಡೆಯುವುದು ಈಗ ಸಾಮಾನ್ಯವಾಗಿದೆ. ಮಾಲೀಕರ ಸೋದರಳಿಯನೋ, ಹಳೆಯ ಸಹಪಾಠಿಯ ಮಗನೋ ಅಮೆರಿಕೆಯಲ್ಲಿ ಇಂಥದೇ ಕೆಲಸದಲ್ಲಿರುತ್ತಾನೆ. ಊರಿನ ಮೇಲಿನ ಅಭಿಮಾನದಿಂದ ಒಪ್ಪಿಕೊಳ್ಳುತ್ತಾನೆ. ಇದು ಸ್ವಾಗತಾರ್ಹವೇ ಸರಿ. ಆದರೆ ಇಂಥ ತಂಡವನ್ನು ನಡೆಸುವ ಕ್ರಮದಲ್ಲಿ ನಾವು ತೋರುತ್ತಿರುವ ಅಜಾಗರೂಕತೆಯ ಬಗೆಗೆ, ಸ್ವತಃ ಅದರಲ್ಲಿ ಪಾಲುಗಾರನಾಗಿದ್ದವನಾಗಿ, ಕೆಲವು ಮಾತು ಹೇಳಬೇಕೆನಿಸಿದೆ.

ಹುಬ್ಬಳ್ಳಿಯ ಕವಾಟ ತಯಾರಿಕಾ ಕಾರ್ಖಾನೆಯೊಂದು 2025ರ ಏಪ್ರಿಲ್ 1ರಿಂದ ಹೊಸ ತಂತ್ರಾಂಶದಲ್ಲಿ ಲೆಕ್ಕ ಬರೆಯಲು ನಿರ್ಧರಿಸಿತ್ತು. ಲೆಕ್ಕದ ಹೊಣೆ ನನ್ನದು. ಯೋಜನೆಯ ಮುಖ್ಯಸ್ಥರು ಅಮೆರಿಕೆಯ ನ್ಯೂಜೆರ್ಸಿಯಲ್ಲಿರುವ ಧಾರವಾಡದ ತರುಣರು. ದತ್ತಾಂಶ ಜೋಡಣೆ ನೋಡುತ್ತಿದ್ದವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮತ್ತೊಬ್ಬ ಕನ್ನಡಿಗರು. ಹಳೆಯ ದಾಖಲೆಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಮಹಿಳೆಯೊಬ್ಬರದು. ಕನ್ನಡ ಬಾರದವರು ತಂಡದಲ್ಲಿ ಅವರೊಬ್ಬರೇ.

ಮೊದಲ ಎಡವಟ್ಟು ಮಾರ್ಚ್ 10ರಂದು ಆಯಿತು. ಪ್ರತಿ ಸೋಮವಾರ ಸಂಜೆ ಆರೂವರೆಗೆ ನಾವೆಲ್ಲ ದೂರವಾಣಿಯಲ್ಲಿ ಸೇರುತ್ತಿದ್ದೆವು. ಆಗ ನ್ಯೂಜೆರ್ಸಿಯಲ್ಲಿ ಬೆಳಗಿನ ಎಂಟು. ಅಂದು ನಾವು ಆರೂವರೆಗೆ ಸಿದ್ಧರಾಗಿ ಕುಳಿತರೆ, ಸಭೆ ಮುಗಿದು ಕಾಲುಗಂಟೆಯಾಗಿದೆ! ಅಮೆರಿಕೆಯಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ. ಆ ವರ್ಷ ಅದು ಮಾರ್ಚ್ 9ರಂದು ಬಿದ್ದಿತ್ತು. ಸಭೆಯ ಆಹ್ವಾನವನ್ನು ನ್ಯೂಜೆರ್ಸಿಯಿಂದ ಕಳುಹಿಸಿದ್ದರಿಂದ ಅದು ಅಲ್ಲಿಯ ಎಂಟು ಗಂಟೆಗೇ ಅಂಟಿಕೊಂಡಿತು. ನಮ್ಮಲ್ಲಿ ಐದೂವರೆಗೆ ಸರಿಯಿತು. ಬ್ರಿಟನ್ನಿನಲ್ಲಿ ಗಡಿಯಾರ ಬದಲಾಗುವುದು ಮಾರ್ಚ್ ತಿಂಗಳ ಕೊನೆಯ ಭಾನುವಾರ, ಎಂದರೆ ಆ ಬಾರಿ 30ಕ್ಕೆ. ನಡುವಿನ ಮೂರು ವಾರ ನ್ಯೂಜೆರ್ಸಿಗೂ ಮ್ಯಾಂಚೆಸ್ಟರಿಗೂ ಎಂದಿನ ಐದು ಗಂಟೆಯ ಬದಲು ನಾಲ್ಕೇ ಗಂಟೆಯ ಅಂತರ. ಗಡಿಯಾರವನ್ನು ಮುಟ್ಟದ ದೇಶ ನಮ್ಮದೊಂದೇ. ನಮ್ಮ ಲೆಕ್ಕವರ್ಷದ ಮುಕ್ತಾಯವಂತೂ ಸರಿಯಾಗಿ ಈ ಗೊಂದಲದ ವಾರಗಳಲ್ಲಿಯೇ ಬರುತ್ತದೆ.

ಇದಕ್ಕೆ ಪರಿಹಾರ ಸುಲಭ. ಪುಸ್ತಕಕ್ಕೆ ಸಹಿ ಬೀಳುವ ಊರಿನ ಕಾಲಮಾನವೇ ಯೋಜನೆಯ ಕಾಲಮಾನವಾಗಬೇಕು. ಆಹ್ವಾನವನ್ನು ಯಾರೇ ಕಳುಹಿಸಲಿ, ಕ್ಯಾಲೆಂಡರಿನಲ್ಲಿ Asia/Kolkata ಎಂಬ ವಲಯವನ್ನು ಆರಿಸಿ ಕಳುಹಿಸಬೇಕು. ‘ಐ.ಎಸ್.ಟಿ.’ ಎಂಬ ಮೂರಕ್ಷರವನ್ನು ನೆಚ್ಚಬಾರದು. ಐರ್ಲೆಂಡ್, ಇಸ್ರೇಲ್ ದೇಶದವರೂ ತಮ್ಮ ಕಾಲಮಾನಕ್ಕೆ ಅದೇ ಅಕ್ಷರಗಳನ್ನು ಬಳಸುತ್ತಾರೆ. ಹೀಗೆ ತಿದ್ದಿಕೊಂಡ ಮೇಲೆ ನಾವೆಲ್ಲರೂ ನೆಮ್ಮದಿಯಾಗಿದ್ದೆವು. ನಿಜವಾದ ಪೆಟ್ಟು ಬಿದ್ದದ್ದು ಅನಂತರ.

ಮಾರ್ಚ್ 30ರ ಭಾನುವಾರ ಯುಗಾದಿ, 31ರ ಸೋಮವಾರ ರಂಜಾನ್. 29ರ ರಾತ್ರಿ ನ್ಯೂಜೆರ್ಸಿಯವರು ಕಾರ್ಖಾನೆಯ ಹಿರಿಯ ಲೆಕ್ಕಿಗರಿಗೆ ದೂರವಾಣಿ ಮಾಡಿದರು. “ಕಾಕಾ, ಮೂವತ್ತೊಂದನೇ ತಾರೀಖು ರಾತ್ರಿ ಹನ್ನೆರಡಕ್ಕ ಕಟ್ ಮಾಡೂಣ್ರಿ” ಎಂದರು. “ಆಗ್ಲೆಪಾ, ಹಂಗ ಮಾಡು” ಎಂದರು ಇವರು. ಮಾತು ಅಲ್ಲಿಗೆ ಮುಗಿಯಿತು, ಬರವಣಿಗೆಗೆ ಇಳಿಯಲಿಲ್ಲ. ಒಂದೇ ಸೀಮೆಯ ಇಬ್ಬರು ಒಂದೇ ಆಡುಮಾತಿನಲ್ಲಿ ಒಪ್ಪಿಕೊಂಡಾಗ ಅರ್ಥ ಬೇರೆಯಾಗಿರಬಹುದೆಂಬ ಅನುಮಾನವೇ ಹುಟ್ಟುವುದಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿಕೊಂಡು ಮಾತನಾಡಿದ್ದರೆ ಬಹುಶಃ “ಯಾವ ಊರಿನ ಹನ್ನೆರಡು?” ಎಂದು ಯಾರಾದರೂ ಕೇಳುತ್ತಿದ್ದರು.

ಹೀಗೆ ಒಂದೇ ಮಾತಿನಿಂದ ಮೂರು ಮಧ್ಯರಾತ್ರಿಗಳು ಹುಟ್ಟಿದವು. ಲೆಕ್ಕಿಗರದು ಹುಬ್ಬಳ್ಳಿಯ ಮಧ್ಯರಾತ್ರಿ. ನ್ಯೂಜೆರ್ಸಿಯವರು ಹಳೆಯ ತಂತ್ರಾಂಶವನ್ನು ತಮ್ಮ ಮಧ್ಯರಾತ್ರಿಗೆ ಮುಚ್ಚಿದರು. ಆಗ ನಮ್ಮಲ್ಲಿ ಏಪ್ರಿಲ್ 1ರ ಬೆಳಗಿನ ಒಂಬತ್ತೂವರೆ. ಮ್ಯಾಂಚೆಸ್ಟರಿನ ಮಹಿಳೆಗೆ ತಲುಪಿದ್ದು “31ರ ಮಧ್ಯರಾತ್ರಿ” ಎಂಬ ಎರಡು ಪದ ಮಾತ್ರ. ಅವರು ಸಹಜವಾಗಿಯೇ ಸರ್ವರ್ ಯಂತ್ರದ ಗಡಿಯಾರವನ್ನು ಹಿಡಿದರು. ಅಂಥ ಯಂತ್ರಗಳು ಸಾಮಾನ್ಯವಾಗಿ ಯು.ಟಿ.ಸಿ. ಎಂಬ, ಗ್ರೀನಿಚ್ ಕಾಲಕ್ಕೆ ಸಮನಾದ ಕಾಲಮಾನದಲ್ಲಿ ನಡೆಯುತ್ತವೆ. ಅದರ ಮಧ್ಯರಾತ್ರಿ ನಮ್ಮ ಬೆಳಗಿನ ಐದೂವರೆ.

ಕಾರ್ಖಾನೆಯಲ್ಲಿ ಅಂದು ರಾತ್ರಿಪಾಳಿ ನಡೆದಿತ್ತು. ನಮ್ಮ ಮಧ್ಯರಾತ್ರಿಯ ನಂತರ, ಬೆಳಗಿನ ಐದರೊಳಗೆ, ಮೂರು ಲಾರಿಗಳಲ್ಲಿ ಸರಕು ಹೊರಟಿತು. ಏಳು ಇನ್‌ವಾಯ್ಸ್, ಒಟ್ಟು 18.6 ಲಕ್ಷ ರೂಪಾಯಿ. ಕಾಗದದ ಮೇಲೆ ಅಚ್ಚಾದ ದಿನಾಂಕ ಏಪ್ರಿಲ್ 1, ಸಂಖ್ಯೆಗಳು ಹೊಸ ವರ್ಷದ ಸರಣಿಯವು. ಆದರೆ ರವಾನೆ ನಮೂದಿಸುವ ಯಂತ್ರದ ಒಳಗೆ ಸಮಯ ಉಳಿದಿದ್ದು ಬೇರೆ ರೂಪದಲ್ಲಿ. ನಸುಕಿನ 1 ಗಂಟೆ 40 ನಿಮಿಷಕ್ಕೆ ಹೊರಟ ಲಾರಿಯ ನಮೂದು ಹೀಗಿತ್ತು:

```
2025-03-31T20:10:00Z
```

ಕೊನೆಯ Z ಅಕ್ಷರದ ಅರ್ಥ ಯು.ಟಿ.ಸಿ. ಎಂದು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ಮಾತ್ರ ಅದು ಏಪ್ರಿಲ್ 1 ಆಗುತ್ತದೆ. ಕೂಡಿಸುವವರು ಯಾರೂ ಇರಲಿಲ್ಲ. ಏಳೂ ಇನ್‌ವಾಯ್ಸ್‌ಗಳು ಹಿಂದಿನ ವರ್ಷದ ಮಾರಾಟಕ್ಕೆ ಸೇರಿಹೋದವು.

ತಪ್ಪು ಮೊದಲು ಕಾಣಿಸಿಕೊಂಡದ್ದು ಮಾರಾಟದಲ್ಲಿ ಅಲ್ಲ, ದಾಸ್ತಾನಿನಲ್ಲಿ. 31ರ ರಾತ್ರಿ ಎಂಟರಿಂದ ಹತ್ತರವರೆಗೆ ಎಣಿಕೆ ನಡೆದಾಗ ಆ ಸರಕು ಇನ್ನೂ ಗೋದಾಮಿನಲ್ಲಿತ್ತು. ಪುಸ್ತಕವೋ ಅದು ಅಂದೇ ಮಾರಾಟವಾಯಿತೆಂದು ಹೇಳುತ್ತಿತ್ತು. ಹೀಗಾಗಿ ಪುಸ್ತಕಕ್ಕಿಂತ ಎಣಿಕೆ ಹೆಚ್ಚು ಬಂದಿತು. ಹಬ್ಬದ ಕಾರಣ ಸ್ಟೋರ್ಸಿನ ಮುಖ್ಯಸ್ಥರು ರಜೆಯಲ್ಲಿದ್ದರು. ಎಣಿಕೆ ಮಾಡಿಸಿದವನು ಅವರ ಸಹಾಯಕ, ಎರಡು ವರ್ಷದ ಹಿಂದೆ ಸೇರಿದ ಹುಡುಗ. ಒಂದೇ ರಾಶಿಯನ್ನು ಎರಡು ಸಲ ಎಣಿಸಿದ್ದಾನೆಂದು ಎಲ್ಲರೂ ತೀರ್ಮಾನಿಸಿದರು. ನಾನೂ ಹಾಗೆಯೇ ಭಾವಿಸಿದೆನೆಂದು ಒಪ್ಪಿಕೊಳ್ಳುತ್ತೇನೆ. ಅವನಿಂದ ಎರಡು ದಿನ ಮರುಎಣಿಕೆ ಮಾಡಿಸಲಾಯಿತು. ಏಪ್ರಿಲ್ 8ರಂದು, ಜಿಎಸ್‌ಟಿಆರ್-1 ಸಲ್ಲಿಸಲು ಮೂರು ದಿನವಿರುವಾಗ, ಮಾರ್ಚ್ ತಿಂಗಳ ಇನ್‌ವಾಯ್ಸ್ ಪಟ್ಟಿಯನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿದೆ. ಪಟ್ಟಿಯ ತುದಿಯಲ್ಲಿ ಹೊಸ ಸರಣಿಯ ಒಂದರಿಂದ ಏಳರವರೆಗಿನ ಸಂಖ್ಯೆಗಳು ಕುಳಿತಿದ್ದವು. ಹುಡುಗನ ಎಣಿಕೆ ಸರಿಯಾಗಿಯೇ ಇತ್ತು. ನಾನು ಅವನಿಗೆ ಹಾಗೆಂದು ಎಲ್ಲರೆದುರು ಹೇಳಿದೆ. ಅವನು ಏನೂ ಹೇಳಲಿಲ್ಲ.

ಅದನ್ನು ಹಿಡಿದು ಹುಡುಕಿದಾಗ ಎರಡನೆಯ ತಪ್ಪೂ ಸಿಕ್ಕಿತು. ಏಪ್ರಿಲ್ 1ರ ಬೆಳಗ್ಗೆ ಒಂಬತ್ತೂವರೆಯವರೆಗೆ ಹಳೆಯ ತಂತ್ರಾಂಶ ತೆರೆದೇ ಇದ್ದುದರಿಂದ ಮೊದಲ ಪಾಳಿಯವರು ಒಳಬಂದ ಸರಕಿನ ನಾಲ್ಕು ನಮೂದುಗಳನ್ನು ಅದರಲ್ಲಿಯೇ ಮಾಡಿದ್ದರು. ಅವು ಹೊಸದಕ್ಕೆ ಬಂದಿರಲೇ ಇಲ್ಲ. ಎಲ್ಲವನ್ನೂ ತಿದ್ದಿದೆವು. ಆದರೆ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರ ತಂತ್ರಾಂಶವು ಪ್ರತಿ ಬದಲಾವಣೆಯನ್ನೂ ಅದರ ದಿನಾಂಕದೊಡನೆ ಅಳಿಸಲಾಗದಂತೆ ಉಳಿಸಬೇಕೆಂಬ ನಿಯಮವಿದೆ. ಆದ್ದರಿಂದ ನಮ್ಮ ತಿದ್ದುಪಡಿಗಳೆಲ್ಲ, ಯು.ಟಿ.ಸಿ. ದಿನಾಂಕಗಳೊಡನೆ, ಶಾಶ್ವತವಾಗಿ ಅಲ್ಲಿ ಉಳಿದಿವೆ. ಪ್ರತಿಯೊಂದಕ್ಕೂ ಲೆಕ್ಕಪರಿಶೋಧಕರಿಗೆ ಲಿಖಿತ ವಿವರಣೆ ಕೊಡಬೇಕಾಯಿತು.

ಇದಕ್ಕೆ ತಂತ್ರಜ್ಞರು ಸೂಚಿಸುವ ಪರಿಹಾರವೆಂದರೆ ಕಟ್-ಆಫ್ ಸಮಯವನ್ನು ಪೂರ್ಣವಾಗಿ, ಎರಡೂ ಕಾಲಮಾನಗಳಲ್ಲಿ ಬರೆಯುವುದು: ಹುಬ್ಬಳ್ಳಿಯ ಏಪ್ರಿಲ್ 1ರ 00:00 ಎಂದರೆ ಯು.ಟಿ.ಸಿ. ಮಾರ್ಚ್ 31ರ 18:30. ಇದು ಸರಿಯೇ. ಆದರೂ ನನ್ನ ಮತ ಬೇರೆ. ಕಂಪ್ಯೂಟರ್ ಬರುವ ಮೊದಲು ನಮ್ಮ ಗುರುಗಳು ದಾಸ್ತಾನು ಎಣಿಕೆಗೆ ಹೋದಾಗ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕೊನೆಯ ರವಾನೆ ಚಲನ್ ಮತ್ತು ಕೊನೆಯ ಸರಕು ಸ್ವೀಕೃತಿಯ ಸಂಖ್ಯೆಗಳನ್ನು ಬರೆದುಕೊಂಡು, ಕಾರ್ಖಾನೆಯವರ ಸಹಿ ಪಡೆಯುವುದು. ಈ ಸಂಖ್ಯೆಯವರೆಗೆ ಹಳೆಯ ವರ್ಷ, ಮುಂದಿನದೆಲ್ಲ ಹೊಸ ವರ್ಷ. ಸಂಖ್ಯೆಗೆ ಕಾಲಮಾನವಿಲ್ಲ. ನ್ಯೂಜೆರ್ಸಿಯಲ್ಲಿ ಓದಿದರೂ, ಮ್ಯಾಂಚೆಸ್ಟರಿನಲ್ಲಿ ಓದಿದರೂ ಅದು ಅದೇ. ದೇಶಾಂತರಗಳಲ್ಲಿ ಹಂಚಿಹೋದ ತಂಡಕ್ಕೆ “ಮಧ್ಯರಾತ್ರಿಗೆ ಕತ್ತರಿಸಿ” ಎನ್ನುವ ಬದಲು “ಈ ಸಂಖ್ಯೆಗೆ ಕತ್ತರಿಸಿ” ಎಂದು ಹೇಳಬೇಕು.

ಸಂಭಾಷಣೆಯ ಭಾಷೆಯ ಬಗೆಗೂ ಒಂದು ಮಾತು. ತಂಡದಲ್ಲಿ ಕನ್ನಡ ಬೇಡವೆಂದು ನಾನು ಹೇಳಲಾರೆ. ಸ್ಟೋರ್ಸಿನವರು ತಮ್ಮ ತೊಂದರೆಯನ್ನು ಬಿಚ್ಚಿ ಹೇಳಿದ್ದು ಕನ್ನಡದಲ್ಲಿಯೇ; ಇಂಗ್ಲಿಷಿನಲ್ಲಿ ಅವರು ಎಲ್ಲಕ್ಕೂ ‘ಓಕೆ’ ಎನ್ನುತ್ತಿದ್ದರು. ಆದರೆ ಕನ್ನಡದಲ್ಲಿ ಆದ ತೀರ್ಮಾನ ಅದೇ ದಿನ ಎಲ್ಲರೂ ಓದಬಲ್ಲ ಭಾಷೆಯಲ್ಲಿ ನಾಲ್ಕು ಸಾಲಾಗಿ ಬರೆಯಲ್ಪಡಬೇಕು, ಬರೆಯುವವರು ಯಾರೆಂಬುದೂ ಮೊದಲೇ ಗೊತ್ತಿರಬೇಕು. ಈಗ ನಮ್ಮಲ್ಲಿ ದೂರವಾಣಿ ಮಾಡಿದವರೇ ಬರೆಯಬೇಕೆಂಬ ಕಟ್ಟಳೆಯಿದೆ. ಬರೆಯದ ತೀರ್ಮಾನವನ್ನು ಮ್ಯಾಂಚೆಸ್ಟರಿನವರು ಜಾರಿಗೊಳಿಸುವುದಿಲ್ಲ.

ಮತ್ತೊಂದು ಸಂಗತಿಯನ್ನು ಮಾಲೀಕರು ಮನಸ್ಸಿಗೆ ತಂದುಕೊಳ್ಳಬೇಕು. ಮಾರ್ಚ್ 9ರವರೆಗೆ ನಮ್ಮ ಸಂಜೆ ಆರೂವರೆ ಎಂದರೆ ಸ್ಯಾನ್ ಹೋಸೆಯಲ್ಲಿ ನಸುಕಿನ ಐದು. ಅಲ್ಲಿಯ ನಮ್ಮ ಸದಸ್ಯರು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸ್ನಾನದ ಕೋಣೆಯಿಂದ ಮೆಲ್ಲನೆ ಮಾತನಾಡುತ್ತಿದ್ದರೆಂಬುದು ನಮಗೆ ಎರಡು ತಿಂಗಳ ಮೇಲೆ ತಿಳಿಯಿತು. ಹೊರಗಿನ ಸಂಸ್ಥೆಯ ಸಿಬ್ಬಂದಿಯಾಗಿದ್ದರೆ ಮೊದಲ ವಾರವೇ ಆಕ್ಷೇಪಿಸುತ್ತಿದ್ದರು. “ನಮ್ಮ ಹುಡುಗನೇ ಅಲ್ಲವೇ” ಎಂಬ ಸಲಿಗೆಯಿಂದ ಕೇಳುವವರಿಗೆ ಅವರು ಇಲ್ಲವೆನ್ನಲಾರರು. ಅನಂತರ ಒಂದು ವಾರ ಸೋಮವಾರ ಸಂಜೆ ಆರೂವರೆಗೆ, ಮರುವಾರ ಗುರುವಾರ ಬೆಳಗ್ಗೆ ಎಂಟಕ್ಕೆ ಸೇರುವಂತೆ ಬದಲಿಸಿದೆವು. ನಮ್ಮ ಗುರುವಾರದ ಎಂಟು ಗಂಟೆ ಅವರಿಗೆ ಬುಧವಾರ ರಾತ್ರಿ ಏಳೂವರೆ, ನ್ಯೂಜೆರ್ಸಿಯವರಿಗೆ ರಾತ್ರಿ ಹತ್ತೂವರೆ. ಆದ್ದರಿಂದ ಆಹ್ವಾನದಲ್ಲಿ ಎರಡೂ ವಾರಗಳ ಹೆಸರು ಬರೆಯುತ್ತೇವೆ. ಮ್ಯಾಂಚೆಸ್ಟರಿಗೆ ಆ ಹೊತ್ತು ನಡುರಾತ್ರಿಯಾದ್ದರಿಂದ ಅವರಿಗೆ ಅಂದು ವಿನಾಯಿತಿ. ಬರಹದ ಟಿಪ್ಪಣಿ ಹೋಗುತ್ತದೆ.

ವರ್ಷಾಂತ್ಯದ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಕಾರ್ಖಾನೆಯ ಗೇಟನ್ನೇ ಮುಚ್ಚಿಬಿಡಬೇಕೆಂದು ನಾನು ಮಾಲೀಕರಿಗೆ ಸಲಹೆ ಕೊಟ್ಟಿದ್ದೆ. ಹಡಗಿನ ವೇಳೆ ತಪ್ಪುತ್ತದೆಂದು ಅವರು ಒಪ್ಪಲಿಲ್ಲ. ಅವರ ಮಾತಿನಲ್ಲಿಯೂ ನ್ಯಾಯವಿದೆ. ಕೊನೆಗೆ ಲಾರಿಗಳು ಹೋಗಲಿ, ಆದರೆ ಕೊನೆಯ ಚಲನ್ ಸಂಖ್ಯೆಯನ್ನು ಸ್ಟೋರ್ಸಿನಿಂದ ಬರೆದು ನಾಲ್ಕೂ ಊರುಗಳಿಗೆ ಕಳುಹಿಸುವವರೆಗೆ ದತ್ತಾಂಶ ಸಾಗಣೆ ಆರಂಭವಾಗಕೂಡದೆಂದು ನಿರ್ಧರಿಸಿದೆವು. ಆ ಸಂಖ್ಯೆಯನ್ನು ಬರೆದು ಸಹಿ ಮಾಡುವ ಹೊಣೆಯನ್ನು ಆ ಸಹಾಯಕ ಹುಡುಗನಿಗೇ ವಹಿಸಲಾಗಿದೆ.