ಮೊದಲ 45ರ ಲೆಕ್ಕ, ಆಮ್ಯಾಲೆ ಪೆನ್ಸಿಲ್

ಕಿಲ್ಲರ್ ಸುಡೋಕು ಮುಂದ ಇಟ್ಕೊಂಡ ಕೂಡ್ಲೆ ಮನಿ ಮನಿಯೊಳಗ ಸಣ್ಣ ಸಣ್ಣ ಅಂಕಿ ಬರಿಯೋ ಚಟ ಬಿಡ್ರಿ. ಇವತ್ತ ಇದನ್ನ ಜಗಳಾ ತಗದೇ ಹೇಳ್ತೀನಿ. ನಮ್ಮ ವೈನಿ, ಎದುರಮನಿ ಕಾಕು, ಎಲ್ಲಾರದೂ ಇದೇ ಪದ್ಧತಿ. "10 ಅಂದ್ರ 1-9, 2-8, 3-7, 4-6" ಅಂತ ಬರದು ಬರದು ಅರ್ಧ ತಾಸಿನ್ಯಾಗ ಹಾಳಿ ಕರ್ರಗ ಆಗ್ತದ, ಗಟ್ಟಿ ಅಂಕಿ ಒಂದೂ ಸಿಕ್ಕಿರೂದಿಲ್ಲ. ಆಮ್ಯಾಲೆ ಅಂದಾಜಿನ ಮ್ಯಾಲೆ ಒಂದು ಹಾಕೋದು, ಕಡೀಗೆ ಅದು ತಪ್ಪಿದ ಕೂಡ್ಲೆ "ಇದು ಗಣಿತ ಕಲ್ತವರ ಆಟ, ನಮ್ಮಂಥಾವ್ರಿಗಲ್ಲ" ಅನ್ನೋದು. ಈ ಮಾತು ನಾ ಒಪ್ಪೂದಿಲ್ಲ. ಇದಕ್ಕ ಬೇಕಾಗೋದು ಕೂಡಿಸೋದು, ಕಳಿಯೋದು, ಎರಡs.

ಸಾದಾ ಸುಡೋಕುದಾಗ ಕೆಲವು ಅಂಕಿ ಮೊದಲs ಕೊಟ್ಟಿರ್ತಾರ. ಕಿಲ್ಲರ್‌ನ್ಯಾಗ ಸಾಮಾನ್ಯವಾಗಿ ಒಂದೂ ಇರೂದಿಲ್ಲ. ಚುಕ್ಕಿ ಗೆರಿ ಹಾಕಿದ ಗುಂಪು, ಅದರ ಮೂಲ್ಯಾಗ ಮೊತ್ತ, ಅಷ್ಟs. ಆ ಗುಂಪಿಗೆ ಕೇಜ್ ಅಂತಾರ. ಹಂಗಾದ್ರ ಶುರು ಎಲ್ಲಿಂದ? 1ರಿಂದ 9ರ ತನಕಾ ಕೂಡಿಸಿದ್ರ 45. ಅಡ್ಡಸಾಲು, ಉದ್ದಸಾಲು, 9 ಮನಿ ಚೌಕ, ಯಾವುದರ ಮೊತ್ತಾನೂ 45s ಆಗಬೇಕು. ಅಂಕಿ ಕೊಟ್ಟಿಲ್ಲ ಅಂತೀರಿ, ಇದು ಕೊಟ್ಟಂಗs ಅಲ್ಲೇನು?

ಎಡಗಡೆ ಮ್ಯಾಲಿನ ಚೌಕ ತಗೋರಿ. ಅದರೊಳಗ ಎರಡೆರಡು ಮನಿಯ ನಾಲ್ಕು ಕೇಜ್ ಪೂರ್ತಿ ಕೂತಾವ: 10, 15, 9, 7. ಎಂಟು ಮನಿ ಆದ್ವು. ಉಳಿದ ಒಂದು ಮನಿ, ಕೆಳಗಿನ ಬಲಮೂಲಿದು, ಪಕ್ಕದ ಚೌಕದ ಒಂದು ಮನಿ ಜೋಡಿ ಸೇರಿ 11ರ ಕೇಜ್ ಆಗೇದ. ಈಗ ನಾಲ್ಕೂ ಕೂಡಿಸ್ರಿ, 41. 45ರಾಗ 41 ಹೋದ್ರ 4. ಮೂಲಿ ಮನಿ 4 ಆತು. 11ರಾಗ 4 ಹೋದ್ರ ಪಕ್ಕದ ಚೌಕದ ಮನಿ 7. ಪೆನ್ಸಿಲ್ ಮುಟ್ಟದs ಎರಡು ಅಂಕಿ ಬಂದ್ವು!

ಲಾಭ ಇಲ್ಲಿಗೇ ನಿಲ್ಲೂದಿಲ್ಲ. ಆ ಚೌಕದಾಗ 4 ಒಮ್ಮೆ ಕೂತಮ್ಯಾಲೆ 10ರ ಕೇಜಿನ್ಯಾಗ 4-6 ಬರೂದಿಲ್ಲ, 9ರಾಗ 4-5 ಇಲ್ಲ, 7ರಾಗ 3-4 ಇಲ್ಲ. ಮೊದಲs ಬರದಿದ್ರ ಇವೆಲ್ಲಾ ಅಳಿಸೋ ಕೆಲಸ ಆಗ್ತಿತ್ತು.

ಉಲ್ಟಾನೂ ಆಗ್ತದ. ಕಡೀ ಅಡ್ಡಸಾಲಿಗೆ ನಾಲ್ಕು ಕೇಜ್ ಅವ ಅನ್ರಿ: 13, 8, 16, 14. ಕಡೀ ಕೇಜಿಂದು ಒಂದು ಮನಿ ಮಾತ್ರ ಮ್ಯಾಲಿನ ಸಾಲಿಗೆ ಹೊರಗ ಚಾಚೇದ. ಕೂಡಿಸಿದ್ರ 51. ಸಾಲಿನ ಪಾಲು 45, ಹೆಚ್ಚಿಗಿ ಬಂದ 6 ಯಾರದು? ಹೊರಗ ಚಾಚಿದ ಮನೀದು.

"ಎಲ್ಲಾ ಕಡೆ ಒಂದs ಮನಿ ಉಳಿತದೇನು?" ಅಂತ ವೈನಿ ಕೇಳ್ತಾರ. ಇಲ್ಲ, ಅದು ಖರೇ. ಒಂದು ಮನಿ ಒಳಗ ಬಿಟ್ಟುಹೋಗಿ, ಒಂದು ಹೊರಗಿಂದು ಸೇರಿಕೊಂಡಿರ್ತದ ಅನ್ರಿ, ಮೊತ್ತ 47 ಬಂತು. ಆಗ ಅಂಕಿ ಸಿಗೂದಿಲ್ಲ, ಫರಕು ಸಿಗ್ತದ: ಹೊರಗಿಂದು ಒಳಗಿನಕಿಂತ 2 ಜಾಸ್ತಿ. ಅಂದ್ರ ಒಳಗಿಂದು 8, 9 ಅಲ್ಲ, ಹೊರಗಿಂದು 1, 2 ಅಲ್ಲ. ಮೂರು ನಾಲ್ಕು ಮನಿ ಉಳಿದ್ರ ಆ ಚೌಕ ಬಿಡ್ರಿ, ಪಕ್ಕದ್ದನ್ನೂ ಸೇರಿಸಿ ಎರಡಕ್ಕ 90, ಮೂರಕ್ಕ 135 ಹಿಡದು ನೋಡ್ರಿ. ಎರಡು ಚೌಕದ ನಡುವ ಬಿದ್ದ ಕೇಜ್ ಆಗ ಪೂರ್ತಿ ಒಳಗ ಬರ್ತದ.

ಲೆಕ್ಕ ತಪ್ಪೋದು ಎಲ್ಲಿ ಅಂದ್ರ, ಹೊರಗ ಚಾಚಿದ ಕೇಜನ್ನ ಒಳಗಿಂದು ಅಂತ ಕೂಡಿಸಿದಾಗ. ಒಂದು ಮನಿಗೆ 0 ಅಥವಾ 9ಕ್ಕಿಂತ ಹೆಚ್ಚು ಬಂದ್ರ ಅಲ್ಲೇ ತಿಳೀತದ. ಬರೇ ಅಷ್ಟಕ್ಕ ನಂಬಬ್ಯಾಡ್ರಿ. ಕೂಡಿಸೋ ಮೊದಲು ಮನಿ ಎಣಿಸ್ರಿ. ಒಳಗಿನ ಕೇಜಿನ ಮನಿ 8 ಇದ್ರ ಮಾತ್ರ ಉಳಿದದ್ದು ಒಂದು.

ಜೋಡಿ ಬರಿಯೋದs ತಪ್ಪು ಅಂತ ನಾ ಅನ್ನೂದಿಲ್ಲ. ಎರಡು ಮನಿಗೆ 17 ಅಂದ್ರ 8-9 ಬಿಟ್ಟು ಬ್ಯಾರೆ ಇಲ್ಲ, 3 ಅಂದ್ರ 1-2. ಅವು ಬೇಕು, ಆದ್ರ ಎರಡನೇ ಸರತಿಗೆ. ಒಂಬತ್ತು ಚೌಕ, ಒಂಬತ್ತು ಅಡ್ಡಸಾಲು, ಒಂಬತ್ತು ಉದ್ದಸಾಲು, ಒಮ್ಮೆ 45 ಹಿಡದು ಸುತ್ತಿ ಬರ್ರಿ. ಆಮ್ಯಾಲೆ ಪೆನ್ಸಿಲ್ ತಗೋರಿ, ನಾ ಬ್ಯಾಡ ಅನ್ನೂದಿಲ್ಲ.